ಸುಣ್ಣದ ಗೋಡೆ ತಂಪು, ಸಿಮೆಂಟ್ ಗೋಡೆ ಬಿಸಿ: ಈ ಮಾತು ಎಷ್ಟು ನಿಜ?

ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯಲ್ಲಿ ಸಿಗುವ ಮೂರ್ನಾಡಿನಂಥ ಊರಿನಲ್ಲಿ ಯಾರಾದರೂ ಹಳೆ ಮನೆಯ ರಿಪೇರಿಗೆ ಕೈ ಹಾಕಿದರೆ ಒಂದು ಚರ್ಚೆ ತಪ್ಪಿದ್ದಲ್ಲ. ಮನೆಯ ಹಿರಿಯರು "ಸುಣ್ಣದ ಗಾರೆಯೇ ತಂಪು" ಎನ್ನುತ್ತಾರೆ. ಮೇಸ್ತ್ರಿ "ಈಗ ಸುಣ್ಣ ಯಾರು ಮೆತ್ತುತ್ತಾರೆ, ಸಿಮೆಂಟ್ ಹಾಕಿದರೆ ಗಟ್ಟಿ" ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಜಿಪ್ಸಮ್ ಹಾಕಿಸಿದರೆ ಬಿರುಕು ಬರುವುದಿಲ್ಲವಂತೆ ಎಂದು ಹೇಳುತ್ತಾನೆ. ಮಣ್ಣಿನ ಗೋಡೆ ಉಸಿರಾಡುತ್ತದೆ, ಅದೇ ಆರೋಗ್ಯಕ್ಕೆ ಒಳ್ಳೆಯದು ಎನ್ನುವ ವಿಡಿಯೋಗಳೂ ಮೊಬೈಲಿಗೆ ಬರುತ್ತಿರುತ್ತವೆ.

ಈ ನಾಲ್ಕು ಮಾತುಗಳಲ್ಲೂ ಸ್ವಲ್ಪ ಸತ್ಯವಿದೆ, ಸ್ವಲ್ಪ ತಪ್ಪು ತಿಳಿವಳಿಕೆಯೂ ಇದೆ. ತಂಪು, ಉಸಿರಾಟ, ಬಿರುಕು ಎಂಬ ಮೂರು ವಿಷಯಗಳನ್ನು ಒಂದೊಂದಾಗಿ ನೋಡೋಣ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಗೋಡೆ ಒಣಗದ ಕೊಡಗಿನಲ್ಲಿ ಗಾರೆಯ ಮುಖ್ಯ ಪ್ರಶ್ನೆ ಬಿಸಿಲಿನದ್ದಲ್ಲ, ನೀರಿನದ್ದು ಎಂಬುದು ಕೊನೆಗೆ ಗೊತ್ತಾಗುತ್ತದೆ.

ಅರ್ಧ ಇಂಚಿನ ಗಾರೆ ಮನೆಯನ್ನು ತಂಪು ಮಾಡುತ್ತದೆಯೇ?

ಒಳಗೋಡೆಗೆ ಮೆತ್ತುವ ಗಾರೆಯ ದಪ್ಪ ಸಾಮಾನ್ಯವಾಗಿ 12 ಮಿಲಿಮೀಟರ್, ಅಂದರೆ ಅರ್ಧ ಇಂಚು. ಅದರ ಹಿಂದೆ ಇರುವ ಗೋಡೆ 9 ಇಂಚು ಅಥವಾ ಅದಕ್ಕಿಂತ ದಪ್ಪ. ಹೊರಗಿನ ಬಿಸಿ ಒಳಗೆ ಬರಬೇಕಾದರೆ ಈ ಇಡೀ ದಪ್ಪವನ್ನು ದಾಟಿಯೇ ಬರಬೇಕು. ತಡೆಯುವ ಕೆಲಸದಲ್ಲಿ ಹೆಚ್ಚಿನ ಪಾಲು ಗೋಡೆಯದು, ಗಾರೆಯದು ತೀರಾ ಸಣ್ಣದು.

ಲೆಕ್ಕ ಹಾಕಿ ನೋಡಬಹುದು. 9 ಇಂಚಿನ ಸುಟ್ಟ ಇಟ್ಟಿಗೆಯ ಗೋಡೆಗೆ ಎರಡೂ ಕಡೆ ಸಿಮೆಂಟ್ ಗಾರೆ ಇದೆ ಎಂದುಕೊಳ್ಳಿ. ಹೊರಗೆ ಒಳಗಿಗಿಂತ 5 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಪ್ರತಿ ಚದರ ಮೀಟರ್ ಗೋಡೆಯ ಮೂಲಕ ಸುಮಾರು 10.2 ವಾಟ್ ಶಾಖ ಒಳಬರುತ್ತದೆ. ಒಳಗಿನ ಸಿಮೆಂಟ್ ಗಾರೆಯನ್ನು ತೆಗೆದು, ಶಾಖವನ್ನು ಸ್ವಲ್ಪ ಕಡಿಮೆ ಹರಿಸುವ ಜಿಪ್ಸಮ್ ಹಾಕಿದರೆ ಅದು ಸುಮಾರು 10.05 ವಾಟ್ ಆಗುತ್ತದೆ. ವ್ಯತ್ಯಾಸ ನೂರಕ್ಕೆ ಒಂದೂವರೆ ಪಾಲು. ಸುಣ್ಣ ಮತ್ತು ಮರಳಿನ ಗಾರೆ, ಮಣ್ಣಿನ ಗಾರೆ ಎರಡೂ ಇದರ ಆಸುಪಾಸಿನಲ್ಲೇ ಇರುತ್ತವೆ. ಕೋಣೆಯಲ್ಲಿ ಕುಳಿತವರಿಗೆ ಈ ಅಂತರ ತಿಳಿಯುವುದೇ ಇಲ್ಲ.

ಹಾಗಾದರೆ ಹಳೆಯ ಐನ್‌ಮನೆಯೊಳಗೆ ಕಾಲಿಟ್ಟ ಕೂಡಲೇ ತಂಪೆನಿಸುವುದು ಸುಳ್ಳೇ? ಸುಳ್ಳಲ್ಲ, ಆದರೆ ಕಾರಣ ಬೇರೆ. ಅಲ್ಲಿನ ಮಣ್ಣಿನ ಗೋಡೆ ಒಂದೂವರೆ ಅಡಿಯಷ್ಟು ದಪ್ಪ ಇರಬಹುದು. ಅಷ್ಟು ಮಣ್ಣು ಬಿಸಿಯಾಗಲು ಬಹಳ ಹೊತ್ತು ಬೇಕು, ಅಷ್ಟರಲ್ಲಿ ಸಂಜೆಯಾಗಿ ಹೊರಗೆ ತಣ್ಣಗಾಗಿರುತ್ತದೆ. ಮುಂದೆ ಜಗಲಿ ಇರುವುದರಿಂದ ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ಹೆಂಚಿನ ಕೆಳಗೆ ಅಟ್ಟ ಇರುತ್ತದೆ. ಅಂಗಡಿಯ ಮೇಲಿನ ತಾರಸಿ ಮನೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಸೆಕೆಯಾಗುವುದಕ್ಕೆ ಮುಖ್ಯ ಕಾರಣ ತಲೆಯ ಮೇಲಿನ ಕಾಂಕ್ರೀಟ್, ಒಳಗೋಡೆಯ ಗಾರೆಯಲ್ಲ.

ಗೋಡೆ ಮುಟ್ಟಿ ನೋಡಿದಾಗ ತಣ್ಣಗಿರುವುದನ್ನೂ ಹಲವರು ಪುರಾವೆಯಾಗಿ ಹೇಳುತ್ತಾರೆ. ನಮ್ಮ ಚರ್ಮ ಅಳೆಯುವುದು ಗೋಡೆಯ ಉಷ್ಣತೆಯನ್ನಲ್ಲ, ಕೈಯಿಂದ ಶಾಖ ಎಷ್ಟು ಬೇಗ ಹರಿದು ಹೋಗುತ್ತಿದೆ ಎಂಬುದನ್ನು. ಒಂದೇ ಕೋಣೆಯಲ್ಲಿರುವ ಮರದ ಮಣೆಗಿಂತ ನೆಲದ ಟೈಲ್ಸ್ ತಣ್ಣಗೆ ಅನಿಸುವುದು ಇದೇ ಕಾರಣಕ್ಕೆ. ಒದ್ದೆ ಗೋಡೆ ಒಣ ಗೋಡೆಗಿಂತ ತಣ್ಣಗಿರುತ್ತದೆ, ಏಕೆಂದರೆ ನೀರು ಆವಿಯಾಗುವಾಗ ಶಾಖ ಹೀರುತ್ತದೆ. ಹಾಗಾಗಿ ಕೆಲವೊಮ್ಮೆ "ತಂಪು ಗೋಡೆ" ಎಂದು ನಾವು ಮೆಚ್ಚಿಕೊಳ್ಳುವುದು ನೀರು ಹಿಡಿದ ಗೋಡೆಯನ್ನು!

ಸುಣ್ಣ ತಂಪು ಮಾಡುವ ಒಂದು ಸಂದರ್ಭ ಮಾತ್ರ ನಿಜ. ಹೊರಗೋಡೆಗೆ ಅಥವಾ ತಾರಸಿಗೆ ಬಿಳಿ ಸುಣ್ಣ ಬಳಿದರೆ ಅದು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ಬಿಸಿಲೇ ಬೀಳದ ಒಳಗೋಡೆಯಲ್ಲಿ ಆ ಲಾಭವಿಲ್ಲ.

ಗೋಡೆ ಉಸಿರಾಡುವುದು ಎಂದರೇನು?

ಗೋಡೆ ಉಸಿರಾಡುತ್ತದೆ ಎಂಬ ಮಾತು ಹೊಸದಲ್ಲ. 19ನೇ ಶತಮಾನದಲ್ಲಿ ಮ್ಯೂನಿಕ್‌ನ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್, ಇಟ್ಟಿಗೆ ಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಕೋಣೆಯ ಗಾಳಿ ಬದಲಾಗುತ್ತದೆ ಎಂದು ನಂಬಿದ್ದರು. ಮುಂದಿನ ಅಳತೆಗಳಲ್ಲಿ ಅದು ನಿಲ್ಲಲಿಲ್ಲ. ಗಾಳಿ ಬದಲಾಗುವುದು ಕಿಟಕಿ, ಬಾಗಿಲು ಮತ್ತು ಅವುಗಳ ಸಂದುಗಳಿಂದ. ಗಾರೆ ಹಾಕಿದ ಗೋಡೆಯ ಮೂಲಕ ಗಾಳಿ ಹರಿಯುವುದು ಲೆಕ್ಕಕ್ಕೆ ಬರುವಷ್ಟಲ್ಲ.

ಆದರೆ ನೀರು ಹರಿಯುತ್ತದೆ. ಗೋಡೆಯ "ಉಸಿರಾಟ" ಎಂದು ಕಟ್ಟಡ ಕೆಲಸದವರು ಹೇಳುವಾಗ ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿರುತ್ತವೆ.

ಮೊದಲನೆಯದು, ನೀರಾವಿ ಗಾರೆಯನ್ನು ದಾಟುವುದು. ಇದನ್ನು ಅಷ್ಟೇ ತಡೆ ಒಡ್ಡುವ ಗಾಳಿಯ ಪದರದ ದಪ್ಪಕ್ಕೆ ಹೋಲಿಸಿ ಹೇಳುವುದು ರೂಢಿ. ಒಂದೂವರೆ ಸೆಂಟಿಮೀಟರ್ ದಪ್ಪದ ಮಣ್ಣು, ಸುಣ್ಣ ಅಥವಾ ಜಿಪ್ಸಮ್ ಗಾರೆ ಸುಮಾರು 10ರಿಂದ 20 ಸೆಂಟಿಮೀಟರ್ ಗಾಳಿಯಷ್ಟು ತಡೆಯುತ್ತದೆ. ಅಷ್ಟೇ ದಪ್ಪದ ಸಿಮೆಂಟ್ ಗಾರೆಯ ತಡೆ ಇದರ ಸುಮಾರು ಎರಡು ಪಟ್ಟು. ಹೆಚ್ಚಿನವರು ಅಂದುಕೊಳ್ಳುವುದಕ್ಕೆ ವಿರುದ್ಧವಾಗಿ ಜಿಪ್ಸಮ್ ಕೂಡ ಇಲ್ಲಿ ಸುಣ್ಣದ ಜೊತೆಗೇ ನಿಲ್ಲುತ್ತದೆ. ಆದರೆ ಈ ಲೆಕ್ಕವನ್ನೆಲ್ಲ ಬಣ್ಣದ ಡಬ್ಬಿ ತಲೆಕೆಳಗು ಮಾಡಬಲ್ಲದು. ಎರಡು ಕೋಟ್ ಪ್ಲಾಸ್ಟಿಕ್ ಎಮಲ್ಷನ್ ಇಡೀ ಗಾರೆಯಷ್ಟೇ ಅಥವಾ ಅದಕ್ಕಿಂತ ಹೆಚ್ಚು ತಡೆಯಬಹುದು. ಆಯಿಲ್ ಪೇಂಟ್ ಒಂದು ಮೀಟರ್ ಗಾಳಿಗೂ ಮೀರಿ ತಡೆಯುತ್ತದೆ. ಖರ್ಚು ಮಾಡಿ ಸುಣ್ಣದ ಗಾರೆ ಹಾಕಿಸಿ ಅದರ ಮೇಲೆ ಆಯಿಲ್ ಪೇಂಟ್ ಬಳಿದರೆ, ಉಸಿರಾಟದ ಮಟ್ಟಿಗೆ ಆ ಖರ್ಚು ವ್ಯರ್ಥ.

ಎರಡನೆಯದು, ಕೋಣೆಯ ಗಾಳಿಯಲ್ಲಿನ ತೇವವನ್ನು ಗಾರೆ ಹೀರಿಕೊಂಡು ಮತ್ತೆ ಬಿಡುವುದು. ಸ್ನಾನ, ಅಡುಗೆ, ಜನರ ಉಸಿರು ಇವುಗಳಿಂದ ದಿನಕ್ಕೆ ಕೆಲವು ಹೊತ್ತು ತೇವ ಏರುತ್ತದೆ, ಆಮೇಲೆ ಇಳಿಯುತ್ತದೆ. ಈ ಏರಿಳಿತವನ್ನು ತಗ್ಗಿಸುವುದರಲ್ಲಿ ಜೇಡಿ ಅಂಶವಿರುವ ಮಣ್ಣಿನ ಗಾರೆಗೆ ಮೊದಲ ಸ್ಥಾನ, ಸಿಮೆಂಟಿಗೆ ಹಿಂದಿನ ಸ್ಥಾನ. ಆದರೆ ಇದಕ್ಕೂ ಮಿತಿಯಿದೆ. ಕಕ್ಕಡ ತಿಂಗಳಲ್ಲಿ ವಾರಗಟ್ಟಲೆ ಮಳೆ ಬಿಡದೆ, ಒಳಗೂ ಹೊರಗೂ ಗಾಳಿ ಒದ್ದೆಯಾಗಿಯೇ ಇದ್ದರೆ ಮಣ್ಣು ತನ್ನ ಪಾಲಿನ ನೀರನ್ನು ಕುಡಿದು ಮುಗಿಸಿರುತ್ತದೆ, ಬಿಡಲು ಅವಕಾಶವೇ ಸಿಗುವುದಿಲ್ಲ. ಅಂಥ ದಿನಗಳಲ್ಲಿ ಮಣ್ಣಿನ ಗಾರೆಯ ಮೇಲೂ ಬೂಷ್ಟು ಬರುತ್ತದೆ. ಕೋಣೆಯೊಳಗೆ ಬಟ್ಟೆ ಒಣಹಾಕುವ ಮನೆಯಲ್ಲಂತೂ ಇನ್ನೂ ಬೇಗ. ಹೊಸ ಸುಣ್ಣದ ಗಾರೆ ಮತ್ತು ಪ್ರತಿ ವರ್ಷ ಬಳಿಯುವ ಸುಣ್ಣ ತೀಕ್ಷ್ಣ ಕ್ಷಾರೀಯ ಗುಣದಿಂದ ಬೂಷ್ಟನ್ನು ಸ್ವಲ್ಪ ಕಾಲ ತಡೆಯುತ್ತವೆ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾದಂತೆ ಆ ಗುಣ ಕಡಿಮೆಯಾಗುತ್ತದೆ. ಮಳೆಗಾಲಕ್ಕೆ ಮುಂಚೆ ವರ್ಷವೂ ಸುಣ್ಣ ಬಳಿಯುತ್ತಿದ್ದ ರೂಢಿಯಿಂದ ಈ ಲಾಭವೂ ಸಿಗುತ್ತಿತ್ತು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಗೋಡೆಯೊಳಗೆ ಸೇರಿದ ನೀರು ಹೊರಬರುವ ದಾರಿ. ದೀಪದ ಬತ್ತಿ ಎಣ್ಣೆ ಎಳೆಯುವಂತೆ ಮಣ್ಣಿನ ಗೋಡೆ ನೆಲದ ನೀರನ್ನು ಮೇಲಕ್ಕೆ ಎಳೆಯುತ್ತದೆ. ಎಳೆದ ನೀರು ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತದೆ. ಬರುವ ನೀರು ಮತ್ತು ಹೋಗುವ ನೀರು ಸಮವಾಗುವ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಈಗ ಆ ಕೆಳಭಾಗವನ್ನು ಬಿಗಿಯಾದ ಗಾರೆಯಿಂದ ಮುಚ್ಚಿದರೆ ನೀರು ಬರುವುದು ನಿಲ್ಲುವುದಿಲ್ಲ, ಹೋಗುವುದು ಮಾತ್ರ ನಿಲ್ಲುತ್ತದೆ. ಆಗ ತೇವದ ಗೆರೆ ಇನ್ನೂ ಮೇಲಕ್ಕೆ ಏರುತ್ತದೆ.

ಯಾವ ಗಾರೆ ಏಕೆ ಬಿರಿಯುತ್ತದೆ?

ಸಿಮೆಂಟ್ ಗಾರೆ ಒಣಗುತ್ತಾ ಕುಗ್ಗುತ್ತದೆ. ಹಿಂದಿನ ಗೋಡೆ ಕುಗ್ಗಲು ಬಿಡುವುದಿಲ್ಲ. ಈ ಎಳೆದಾಟದಲ್ಲಿ ಗಾರೆ ಸೀಳುತ್ತದೆ. ಸಿಮೆಂಟ್ ಹೆಚ್ಚು ಹಾಕಿದಷ್ಟೂ ಕುಗ್ಗುವಿಕೆ ಹೆಚ್ಚು, ಹಾಗಾಗಿ "ಗಟ್ಟಿಯಿರಲಿ" ಎಂದು ಒಂದಕ್ಕೆ ಮೂರರ ಮಿಶ್ರಣ ಮಾಡಿದ ಒಳಗೋಡೆ ಒಂದಕ್ಕೆ ಆರರದ್ದಕ್ಕಿಂತ ಸುಲಭವಾಗಿ ಬಿರಿಯುತ್ತದೆ. ಎಂ-ಸ್ಯಾಂಡಿನಲ್ಲಿ ಧೂಳು ಹೆಚ್ಚಿದ್ದರೆ, ಏಳು ದಿನ ನೀರು ಹಾಕದಿದ್ದರೆ, ಮೇಲ್ಮೈ ನುಣುಪಾಗಲೆಂದು ಒಣ ಸಿಮೆಂಟ್ ಎರಚಿ ತಿಕ್ಕಿದರೆ, ನಕ್ಷೆಯ ಗೆರೆಗಳಂಥ ಸಣ್ಣ ಬಿರುಕುಗಳ ಜಾಲ ಮೂಡುತ್ತದೆ.

ಜಿಪ್ಸಮ್ ಇದಕ್ಕೆ ತದ್ವಿರುದ್ಧ. ಗಟ್ಟಿಯಾಗುವಾಗ ಅದು ಕುಗ್ಗುವುದಿಲ್ಲ, ಕೂದಲೆಳೆಯಷ್ಟು ಹಿಗ್ಗುತ್ತದೆ. ಆದ್ದರಿಂದ ಕುಗ್ಗುವಿಕೆಯ ಬಿರುಕು ಇಲ್ಲ, ನೀರು ಹಾಕಿ ಕಾಯುವ ಕೆಲಸವೂ ಇಲ್ಲ. ಮಗ ಹೇಳಿದ್ದು ಇಷ್ಟರ ಮಟ್ಟಿಗೆ ಸರಿ. ಆದರೆ ಜಿಪ್ಸಮ್ ನೀರಿನಲ್ಲಿ ಕರಗುತ್ತದೆ, ಲೀಟರಿಗೆ ಸುಮಾರು 2 ಗ್ರಾಂ. ಕಡಿಮೆ ಅನಿಸಬಹುದು. ಆದರೆ ಪ್ರತಿ ಮಳೆಗಾಲ ತೇವ ಹಿಡಿಯುವ ಗೋಡೆಯಲ್ಲಿ ಅದು ಮೆತ್ತಗಾಗಿ, ಅರ್ಧಕ್ಕಿಂತ ಹೆಚ್ಚು ಬಲ ಕಳೆದುಕೊಂಡು, ಬಣ್ಣದ ಅಡಿಯಲ್ಲಿ ಪುಡಿಯಾಗುತ್ತದೆ. ಕಬ್ಬಿಣದ ಮೊಳೆಗೆ ಸಿಮೆಂಟ್ ಕೊಡುವ ರಕ್ಷಣೆಯನ್ನೂ ಅದು ಕೊಡುವುದಿಲ್ಲ, ತುಕ್ಕಿನ ಕಲೆ ಹೊರಬೀಳುತ್ತದೆ. ಇನ್ನೊಂದು ಎಚ್ಚರ: ಬೇಗ ಗಟ್ಟಿಯಾಗಲಿ ಎಂದು ಸಿಮೆಂಟ್ ಗಾರೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಬಾರದು. ತೇವವಿದ್ದಲ್ಲಿ ಇವೆರಡೂ ಸೇರಿ ಹಿಗ್ಗುವ ಹರಳುಗಳಾಗಿ ಗಾರೆಯನ್ನೇ ಒಡೆಯುತ್ತವೆ.

ಮಣ್ಣಿನ ಗಾರೆ ಎಲ್ಲಕ್ಕಿಂತ ಹೆಚ್ಚು ಕುಗ್ಗುತ್ತದೆ, ಎಷ್ಟು ಎಂಬುದು ಜೇಡಿಯ ಪ್ರಮಾಣ ಮತ್ತು ಜಾತಿಯನ್ನು ಅವಲಂಬಿಸಿದೆ. ಕೊಡಗಿನ ಕೆಂಪು ಮಣ್ಣಿನ ಜೇಡಿ, ಬಯಲುಸೀಮೆಯ ಎರೆಮಣ್ಣಿನಷ್ಟು ಹಿಗ್ಗಿ ಕುಗ್ಗುವುದಿಲ್ಲ, ಇದು ಇಲ್ಲಿನವರ ಅದೃಷ್ಟ. ಮರಳು ಮತ್ತು ಕತ್ತರಿಸಿದ ಭತ್ತದ ಹುಲ್ಲು ಸೇರಿಸಿದರೆ ಬಿರುಕು ಸಣ್ಣದಾಗಿ ಹಂಚಿಹೋಗುತ್ತದೆ. ಬಿರುಕು ಬಿಟ್ಟರೂ ಒದ್ದೆ ಮಾಡಿ ತಿಕ್ಕಿದರೆ ಮುಚ್ಚಿಕೊಳ್ಳುವುದು ಮಣ್ಣಿನ ಗುಣ. ಕೆಲಸಕ್ಕೆ ಮುಂಚೆ ಎರಡಡಿ ಚೌಕದಲ್ಲಿ ಮೂರು ಬೇರೆ ಬೇರೆ ಮಿಶ್ರಣ ಮೆತ್ತಿ ವಾರ ಬಿಟ್ಟು ನೋಡುವುದು ಯಾವ ಲ್ಯಾಬ್ ಪರೀಕ್ಷೆಗೂ ಕಡಿಮೆಯಿಲ್ಲ. ಅಗಲ ಬಿರುಕು ಬಂದರೆ ಮರಳು ಸಾಲದು, ಕೈ ಸವರಿದರೆ ಪುಡಿ ಉದುರಿದರೆ ಜೇಡಿ ಸಾಲದು.

ಸುಣ್ಣ ನಿಧಾನವಾಗಿ ಗಟ್ಟಿಯಾಗುತ್ತದೆ, ಮಿಲಿಮೀಟರಿಗೆ ತಿಂಗಳು ಎಂದು ಅಂದಾಜು. ಅಲ್ಲಿಯವರೆಗೂ ಗೋಡೆಯ ಸಣ್ಣ ಅಲುಗಾಟಕ್ಕೆ ಅದು ಬಗ್ಗುತ್ತದೆ. ಕೂದಲೆಳೆ ಬಿರುಕಿಗೆ ತೇವ ಸೇರಿದಾಗ ಕರಗಿದ ಸುಣ್ಣ ಅಲ್ಲಿಗೆ ಬಂದು ಕಲ್ಲಾಗಿ ಕೂರುವುದೂ ಉಂಟು. ಆದರೆ ದಪ್ಪವಾಗಿ ಒಂದೇ ಸಲ ಮೆತ್ತಿದರೆ, ಬಿಸಿಲಲ್ಲಿ ಬೇಗ ಒಣಗಿದರೆ ಸುಣ್ಣವೂ ಬಿರಿಯುತ್ತದೆ. ಮಡಿಕೇರಿ ಕೋಟೆಯೊಳಗಿನ ಅರಮನೆಯನ್ನು ಲಿಂಗರಾಜೇಂದ್ರ ಇಟ್ಟಿಗೆ ಗಾರೆಯಲ್ಲಿ ಕಟ್ಟಿಸಿದ್ದು 1812ರಿಂದ 1814ರ ನಡುವೆ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಕೊಡಗಿನ ಮಳೆಯಲ್ಲಿ ಸಿಮೆಂಟ್ ಇಲ್ಲದೆ ಗೋಡೆ ನಿಲ್ಲದು ಎನ್ನುವವರು ಈ ಎರಡು ಇಸವಿಗಳನ್ನು ನೆನಪಿಡಬಹುದು.

ಒಂದು ಮನೆ, ಎರಡು ಗೋಡೆ

ಇದನ್ನೆಲ್ಲ ಒಂದು ಉದಾಹರಣೆಯಲ್ಲಿ ಕೂಡಿಸಿ ನೋಡೋಣ. ಮೂರ್ನಾಡಿನ ಕಾಫಿ ತೋಟದ ನಡುವೆ ಒಂದು ಮನೆಯಿದೆ ಎಂದುಕೊಳ್ಳಿ. ಮುಂಭಾಗ ಹಳೆಯದು, ಸುಡದ ಮಣ್ಣಿನ ಇಟ್ಟಿಗೆಯ ಒಂದೂವರೆ ಅಡಿ ಗೋಡೆ. ಹಿಂಭಾಗದಲ್ಲಿ ಹೊಸದಾಗಿ ಸೇರಿಸಿದ ಆರಿಂಚು ಕಾಂಕ್ರೀಟ್ ಬ್ಲಾಕಿನ ಕೋಣೆಗಳು. ಹಳೆ ಗೋಡೆಯಲ್ಲಿ ನೆಲದಿಂದ ಎರಡಡಿವರೆಗೆ ಸುಣ್ಣದ ಗಾರೆ ಉದುರಿದೆ. ಅದನ್ನು ಕೆತ್ತಿ, ವಾಟರ್‌ಪ್ರೂಫ್ ಪುಡಿ ಬೆರೆಸಿದ ಗಟ್ಟಿ ಸಿಮೆಂಟ್ ಮೆತ್ತಿ, ಪುಟ್ಟಿ ಹಾಕಿ, ಪ್ಲಾಸ್ಟಿಕ್ ಪೇಂಟ್ ಬಳಿಯುವ ಯೋಚನೆ ನಡೆದಿದೆ.

ಮೊದಲ ಬೇಸಿಗೆಯಲ್ಲಿ ಗೋಡೆ ಚೆನ್ನಾಗಿಯೇ ಕಾಣುತ್ತದೆ. ಒಂದೆರಡು ಮಳೆಗಾಲದ ನಂತರ ಮೂರಡಿ, ನಾಲ್ಕಡಿ ಎತ್ತರದಲ್ಲಿ, ಅಂದರೆ ಸಿಮೆಂಟ್ ಮುಗಿಯುವ ಜಾಗದ ಮೇಲೆ, ಹೊಸ ಕಲೆ ಬರುತ್ತದೆ. ಬಿಳಿ ಉಪ್ಪು ಹೂವಿನಂತೆ ಅರಳುತ್ತದೆ. ಸಿಮೆಂಟಿನ ಮೇಲೆ ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ ಕೇಳುತ್ತದೆ. ಮೆತ್ತನೆಯ ಮಣ್ಣು ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಗಡುಸು ಸಿಮೆಂಟ್ ಅದರ ಜೊತೆ ಹೋಗಲಾರದೆ ಹಲಗೆಯಂತೆ ಬೇರೆಯಾಗಿದೆ. ಆ ಹಲಗೆ ಬೀಳುವಾಗ ಮಣ್ಣನ್ನೂ ಕಿತ್ತುಕೊಂಡು ಬೀಳುತ್ತದೆ. ಗಾರೆಯ ಹಳೆಯ ನಿಯಮವೊಂದನ್ನು ಇಲ್ಲಿ ಮುರಿದಂತಾಯಿತು: ಮೇಲಿನ ಪದರ ಯಾವಾಗಲೂ ಕೆಳಗಿನದಕ್ಕಿಂತ ಮೆತ್ತಗಿರಬೇಕು. ಉದುರುವುದಿದ್ದರೆ ಗಾರೆ ಉದುರಲಿ, ಗೋಡೆಯಲ್ಲ.

ಸರಿಯಾದ ದಾರಿ ಗಾರೆಯಿಂದ ಆರಂಭವಾಗುವುದಿಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಕಡೆಗೆ ಹನಿಗಳಿದ್ದರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆಗೆ ಹನಿಗಳಿದ್ದರೆ ಅದು ಕೋಣೆಯ ಗಾಳಿಯ ತೇವ, ಅದಕ್ಕೆ ಔಷಧ ಕಿಟಕಿ ತೆರೆಯುವುದೇ ಹೊರತು ಗಾರೆಯಲ್ಲ.

ನೀರು ಗೋಡೆಯೊಳಗಿದ್ದರೆ ಹೊರಗೆ ಹೋಗಿ ನೋಡಿ. ಇಳಿಜಾರಿನ ಕಡೆಯ ಮಣ್ಣು ಜರಿದು ಒಳಗಿನ ನೆಲಕ್ಕಿಂತ ಎತ್ತರಕ್ಕೆ ಗೋಡೆಗೆ ಒತ್ತಿಕೊಂಡಿದೆಯೇ? ಹೆಂಚಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ? ಮಣ್ಣು ತೆಗೆದು, ಚರಂಡಿ ಮಾಡಿ, ಮಳೆ ನಿಂತ ಮೇಲೆ ಕೆಟ್ಟ ಗಾರೆ ಕೆತ್ತಿ, ಗೋಡೆಯನ್ನು ಡಿಸೆಂಬರಿನಿಂದ ಎರಡು ತಿಂಗಳಾದರೂ ಒಣಗಲು ಬಿಡಬೇಕು. ನಂತರ ಗುಂಡಿಗಳನ್ನು ಹುಲ್ಲು ಬೆರೆಸಿದ ಮಣ್ಣಿನಿಂದ ತುಂಬಿ, ಅದು ಒಣಗಿದ ಮೇಲೆ ಒಂದು ಪಾಲು ಅರಳಿಸಿದ ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆಯನ್ನು ಎರಡು ತೆಳು ಪದರಗಳಲ್ಲಿ ಮೆತ್ತಬೇಕು. ಒಂದೊಂದು ಪದರ 10 ಮಿಲಿಮೀಟರ್ ದಾಟಬಾರದು. ಮೊದಲ ಕೆಲವು ದಿನ ನೀರು ಚಿಮುಕಿಸಿ ತೇವ ಉಳಿಸಬೇಕು. ಮೇಲೆ ಸುಣ್ಣವನ್ನೇ ಬಳಿಯಬೇಕು, ಪುಟ್ಟಿ ಮತ್ತು ಪ್ಲಾಸ್ಟಿಕ್ ಪೇಂಟ್ ಬೇಡ. ಮಾರ್ಚ್ ಒಳಗೆ ಕೆಲಸ ಮುಗಿದರೆ ಒಳ್ಳೆಯದು, ಏಕೆಂದರೆ ಪೂರ್ತಿ ಒದ್ದೆಯಾದ ರಂಧ್ರಗಳೊಳಗೆ ಗಾಳಿ ಹೋಗದೆ ಸುಣ್ಣ ಮಳೆಗಾಲದಲ್ಲಿ ಗಟ್ಟಿಯಾಗುವುದೇ ಇಲ್ಲ. ಸುಣ್ಣ ಅರಳಿಸುವಾಗ ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕನ್ನಡಕ, ಕೈಗವಸು ಇಲ್ಲದೆ ಆ ಕೆಲಸ ಬೇಡ.

ಹಿಂಭಾಗದ ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಈ ಯಾವ ಕಟ್ಟುಪಾಡೂ ಇಲ್ಲ. ಅಲ್ಲಿ ಒಂದಕ್ಕೆ ಆರರ ಸಿಮೆಂಟ್ ಗಾರೆ, ಬ್ಲಾಕ್ ಮತ್ತು ಕಂಬ ಕೂಡುವ ಕಡೆ ಕೋಳಿ ಜಾಲರಿ, ಏಳು ದಿನ ನೀರು ಸಾಕು. ಒಳಗಿನ ಅಡ್ಡಗೋಡೆ ಒಣಗಿದ್ದು ಎಂದು ಖಚಿತವಿದ್ದರೆ ಜಿಪ್ಸಮ್ ನುಣುಪಾಗಿಯೂ ಬಿರುಕಿಲ್ಲದೆಯೂ ಬರುತ್ತದೆ. ಬಚ್ಚಲಿನ ಗೋಡೆಗೆ, ಮಳೆ ಹೊಡೆಯುವ ಹೊರಗೋಡೆಯ ಒಳಮೈಗೆ, ನೆಲದ ಅಂಚಿಗೆ ಅದು ಬೇಡ.

ಗಾರೆ ಮೆತ್ತಬಾರದ ಬಿರುಕು

ಕೊನೆಯದಾಗಿ ಒಂದು ಮಾತು. ಎಲ್ಲ ಬಿರುಕೂ ಗಾರೆಯದಲ್ಲ. ಜಾಲದಂತೆ ಹಬ್ಬಿದ ಕೂದಲೆಳೆ ಬಿರುಕು ಗಾರೆಯದು. ಕಂಬ ಮತ್ತು ಗೋಡೆ ಕೂಡುವ ಕಡೆಯ ನೇರ ಗೆರೆ ಎರಡು ವಸ್ತುಗಳ ನಡುವಿನದು. ಆದರೆ ಕಿಟಕಿಯ ಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಇಳಿಯುವ, ಗೋಡೆಯ ಎರಡೂ ಕಡೆ ಕಾಣುವ ಬಿರುಕು ತಳಪಾಯದ ಅಥವಾ ನೆಲದ ಸುದ್ದಿ ಹೇಳುತ್ತಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದುದನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಥ ಬಿರುಕಿನ ಎರಡು ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆದಿಡಿ. ಗುರುತು ದಾಟಿ ಬೆಳೆದರೆ, ಅಥವಾ ಅಂಗಳದಲ್ಲೂ ನೆಲ ಬಿರಿದಿದ್ದರೆ, ಕರೆಯಬೇಕಾದ್ದು ಗಾರೆ ಮೇಸ್ತ್ರಿಯನ್ನಲ್ಲ, ಎಂಜಿನಿಯರನ್ನು. ಮಳೆ ಜೋರಿರುವಾಗ ಹಾಗೆ ಕಂಡರೆ ಎಂಜಿನಿಯರಿಗೂ ಕಾಯದೆ ಮೊದಲು ಮನೆಯಿಂದ ಹೊರಬನ್ನಿ. ಯಾವ ಗಾರೆ ಮೆತ್ತಿ ಮುಚ್ಚಿದರೂ ಆ ಎಚ್ಚರಿಕೆಯನ್ನು ನಾವೇ ಅಳಿಸಿದಂತೆ.